ಲಿಫ್ಟ್ ಎಎಂಸಿ, 4 ವರ್ಷದ ಬಳಕೆ: ನವೀಕರಣ ಪತ್ರಕ್ಕೆ ಸರ್ವಿಸ್ ಸ್ಲಿಪ್‌ಗಳೇ ಉತ್ತರ

ಬಳಕೆಯ ವಿವರ: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್, ನೆಲಮಹಡಿ ಮತ್ತು ಮೇಲೆ 4 ಮಹಡಿ, 6 ಜನರ ಒಂದೇ ಲಿಫ್ಟ್, ವಯಸ್ಸು 9 ವರ್ಷ. ಲಿಫ್ಟ್ ತಯಾರಿಸಿದ ಕಂಪನಿಯದೇ ಕಾಂಪ್ರಿಹೆನ್ಸಿವ್ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಬಿಡಿಭಾಗವೂ ಅವರದೇ, ಕೂಲಿಯೂ ಅವರದೇ. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ, ಏಕೆಂದರೆ ಈ ವಿಮರ್ಶೆಯ ಮುಖ್ಯ ಭಾಗ ಸೇವೆಗಿಂತ ಹೆಚ್ಚಾಗಿ ನವೀಕರಣದ ಹೊತ್ತಿನ ಚೌಕಾಸಿಯದು.

ಕಳೆದ ವರ್ಷ ಕಟ್ಟಿದ್ದು 48,000 ರೂಪಾಯಿ ಮತ್ತು 18% ಜಿಎಸ್‌ಟಿ, ಒಟ್ಟು 56,640. ಈ ವರ್ಷದ ನವೀಕರಣ ಪತ್ರದಲ್ಲಿ ಕೇಳಿದ್ದು 54,000, ಜಿಎಸ್‌ಟಿ ಸೇರಿ 63,720. ಏರಿಕೆಗೆ ಕಾರಣ ಒಂದೇ ಸಾಲು: ‘ಕೂಲಿ ಮತ್ತು ಬಿಡಿಭಾಗಗಳ ಬೆಲೆ ಏರಿಕೆ’. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಸಂಘಕ್ಕೆ ತೆರಿಗೆ ವಾಪಸ್ ಸಿಗುವುದಿಲ್ಲ, ಹಾಗಾಗಿ ಕೈಬಿಟ್ಟು ಹೋಗುವುದು ಪೂರ್ತಿ 63,720. ಆದರೆ ಕೊಟೇಶನ್‌ಗಳನ್ನು ತಾಳೆ ನೋಡುವಾಗ ತೆರಿಗೆ ಬಿಟ್ಟೇ ನೋಡುವುದು ಸುಲಭ, ಮುಂದಿನ ಅಂಕಿಗಳೆಲ್ಲ ಹಾಗೇ ಇವೆ.

ಇಂಥ ಪತ್ರಕ್ಕೆ ಸಂಘಗಳು ಸಾಮಾನ್ಯವಾಗಿ ಬರೆಯುವ ಉತ್ತರ ‘ದಯವಿಟ್ಟು ಸ್ವಲ್ಪ ಕಡಿಮೆ ಮಾಡಿ’. ಅದಕ್ಕೆ 2–3% ಬಿಡುತ್ತಾರೆ, ಅಷ್ಟು ಬಿಡುವುದಕ್ಕೆಂದೇ ಮೊದಲೇ ಸೇರಿಸಿರುತ್ತಾರೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ವರ್ಷದ ಸ್ಲಿಪ್‌ಗಳನ್ನು ಮೇಜಿನ ಮೇಲೆ ಹರಡಿ ಕೂರಬೇಕು.

ಒಪ್ಪಂದದಲ್ಲಿ ತಿಂಗಳಿಗೊಂದರಂತೆ 12 ಸರ್ವಿಸ್. ಸಹಿ ಇರುವ ಸ್ಲಿಪ್ 9 ಮಾತ್ರ. ಬ್ರೇಕ್‌ಡೌನ್ ಕರೆ 14. ಇವನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಏನೂ ಕಾಣಿಸುವುದಿಲ್ಲ, ಎಲ್ಲವೂ ಬಿಡಿ ಬಿಡಿ ಘಟನೆಗಳಂತೆ ಕಾಣುತ್ತವೆ. ಮಹಡಿ ಮತ್ತು ಭಾಗದ ಪ್ರಕಾರ ಜೋಡಿಸಿದರೆ ಚಿತ್ರ ಬೇರೆ: 14ರಲ್ಲಿ 8 ಬಾಗಿಲಿನದು, ಆ 8ರಲ್ಲಿ 6 ಎರಡನೇ ಮಹಡಿಯ ಡೋರ್ ಲಾಕ್ ಕಾಂಟ್ಯಾಕ್ಟ್. ಉಳಿದ 6ರಲ್ಲಿ 3 ಕರೆಂಟ್ ಹೋದಾಗ ಲಿಫ್ಟನ್ನು ಬ್ಯಾಟರಿಯಿಂದ ಹತ್ತಿರದ ಮಹಡಿಗೆ ತರುವ ಎಆರ್‌ಡಿ ಕೆಲಸ ಮಾಡದೆ ನಡುವೆ ನಿಂತದ್ದು, 2 ವೋಲ್ಟೇಜ್ ಏರಿಳಿತ, 1 ಬಟನ್. ವೋಲ್ಟೇಜಿನ ಎರಡನ್ನು ಕಂಪನಿಯ ತಲೆಗೆ ಕಟ್ಟಬಾರದು. ಪತ್ರದಲ್ಲೇ ಅವನ್ನು ನಾವಾಗಿ ಬಿಟ್ಟುಕೊಟ್ಟರೆ ಉಳಿದ ಲೆಕ್ಕಕ್ಕೆ ಬೆಲೆ ಬರುತ್ತದೆ.

ಎರಡನೇ ಮಹಡಿಯ ಆರು ಸ್ಲಿಪ್‌ಗಳಲ್ಲಿ ಮೊದಲ ಐದರ ಒಕ್ಕಣೆ ಹೆಚ್ಚುಕಮ್ಮಿ ಒಂದೇ: ‘ಕಾಂಟ್ಯಾಕ್ಟ್ ಕ್ಲೀನ್ ಮಾಡಿ ಅಡ್ಜಸ್ಟ್ ಮಾಡಲಾಗಿದೆ’. ಆರನೆಯದರಲ್ಲಿ ಮಾತ್ರ ‘ಹ್ಯಾಂಗರ್ ರೋಲರ್ ಬದಲಾವಣೆ’. ಈ ಮಹಡಿಯಿಂದ ಆಮೇಲೆ ಕರೆಯೇ ಇಲ್ಲ. ಇದರ ಅರ್ಥ ಇಷ್ಟು: ಬಾಗಿಲ ಹಲಗೆ ಮೇಲಿನ ಹಳಿಯಲ್ಲಿ ರೋಲರ್‌ಗಳ ಮೇಲೆ ತೂಗುತ್ತದೆ. ರೋಲರ್ ಸವೆದರೆ ಹಲಗೆ ಒಂದೆರಡು ಮಿಲಿಮೀಟರ್ ಜಗ್ಗುತ್ತದೆ, ಮೇಲಿರುವ ಲಾಕ್ ಕೂಡ ಅದರ ಜೊತೆ ಜಗ್ಗಿ ಕಾಂಟ್ಯಾಕ್ಟ್ ಸರಿಯಾಗಿ ಕೂರುವುದಿಲ್ಲ. ಬಾಗಿಲು ಮುಚ್ಚಿದೆ ಎಂದು ಕಂಟ್ರೋಲರ್‌ಗೆ ಗೊತ್ತಾಗದಿದ್ದರೆ ಲಿಫ್ಟ್ ಹೊರಡುವುದಿಲ್ಲ, ಓಡುವಾಗ ಸಂಪರ್ಕ ಕಡಿದರೆ ಅಲ್ಲೇ ನಿಲ್ಲುತ್ತದೆ. ಕಾಂಟ್ಯಾಕ್ಟ್ ಒರೆಸಿದರೆ ಕೆಲವು ವಾರ ನಡೆಯುತ್ತದೆ, ರೋಲರ್ ಸವೆತ ಹಾಗೇ ಇರುವುದರಿಂದ ಮತ್ತೆ ಕೈಕೊಡುತ್ತದೆ.

ರೋಲರ್ ಸವೆದಿದೆಯೇ ಎಂದು ಹೊರಗೆ ನಿಂತೇ ಅಂದಾಜು ಮಾಡಬಹುದು. ಮುಚ್ಚಿದ ಬಾಗಿಲ ತಳಕ್ಕೂ ಹೊಸ್ತಿಲ ಅಲ್ಯೂಮಿನಿಯಂ ಪಟ್ಟಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು, ಸುಮಾರು 6 ಮಿ.ಮೀ. ಒಂದು ಮೂಲೆಯಲ್ಲಿ ಕಡಿಮೆಯಾಗಿದ್ದರೆ, ಪಟ್ಟಿಯ ಮೇಲೆ ಉಜ್ಜಿದ ಹೊಳೆಯುವ ಗೆರೆ ಅಥವಾ ಕಪ್ಪು ಪುಡಿ ಕಂಡರೆ ಹಲಗೆ ಇಳಿದಿದೆ. ಸ್ಕೇಲ್ ಇಟ್ಟು ಫೋಟೋ ತೆಗೆದು ಪತ್ರಕ್ಕೆ ಲಗತ್ತಿಸಿ. ಬಾಗಿಲನ್ನು ಕೀಲಿಯಿಂದ ತೆರೆದು ನೋಡುವ ಸಾಹಸ ಮಾತ್ರ ಬೇಡ, ಅದು ಟೆಕ್ನಿಷಿಯನ್ ಕೆಲಸ.

ಸಮಯದ ಲೆಕ್ಕದಲ್ಲಿ ಒಂದು ಕೊರತೆ ಇದೆ. ಸ್ಲಿಪ್‌ನಲ್ಲಿ ಬರೆಯುವುದು ಟೆಕ್ನಿಷಿಯನ್ ಬಂದ ಸಮಯ, ನಾವು ಕರೆ ಮಾಡಿದ ಸಮಯ ಅಲ್ಲ. ಕರೆಯ ಜೊತೆಗೇ ಒಂದು ವಾಟ್ಸಾಪ್ ಸಂದೇಶ ಹಾಕಿಟ್ಟರೆ ಆ ಕೊರತೆ ತುಂಬುತ್ತದೆ. ಒಪ್ಪಂದದ 4 ಗಂಟೆಯ ಗಡುವು 14ರಲ್ಲಿ 3 ಸಲ ಮೀರಿತ್ತು. ಲಿಫ್ಟ್ ನಿಂತ ಒಟ್ಟು ಅವಧಿ 61 ಗಂಟೆ, ಅದರಲ್ಲಿ 44 ಗಂಟೆ ಒಂದೇ ಘಟನೆಯದು: ಡೋರ್ ಸೆನ್ಸರ್ ದಾಸ್ತಾನಿರಲಿಲ್ಲ. ಇಲ್ಲಿ ಸರಾಸರಿ ಹೇಳಿದರೆ ವಾದ ಕೆಡುತ್ತದೆ. ಟೆಕ್ನಿಷಿಯನ್ ಬೇಗ ಬರುತ್ತಾನೆ, ಬಿಡಿಭಾಗ ಬೇಗ ಬರುವುದಿಲ್ಲ ಎಂದು ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು.

ಇನ್ನು ಬೆಲೆ. ಬೇರೆಯವರಿಂದ ಎರಡು ಕೊಟೇಶನ್ ಬಂತು, 38,000 ಮತ್ತು 45,000, ಎರಡರ ತಲೆಬರಹವೂ ‘ಕಾಂಪ್ರಿಹೆನ್ಸಿವ್’. ‘ಹೊರಗೆ 38,000ಕ್ಕೆ ಸಿಗುತ್ತಿದೆ’ ಎಂದು ಬರೆದರೆ ಈಗಿನ ಕಂಪನಿಯ ಸೇಲ್ಸ್ ಮನುಷ್ಯ ಒಳಗೇ ನಗುತ್ತಾನೆ, ಆ ದರದಲ್ಲಿ ಏನೇನು ಬಿಟ್ಟಿರುತ್ತಾರೆ ಎಂದು ಅವನಿಗೆ ಗೊತ್ತು. ಕೊನೆಯ ಪುಟದ ಸಣ್ಣಕ್ಷರದಲ್ಲಿ ಇದ್ದದ್ದು: 38,000ದವರಲ್ಲಿ ರೋಪ್, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್, ಕಂಟ್ರೋಲರ್ ಕಾರ್ಡ್ ಸೇರಿಲ್ಲ. 45,000ದವರಲ್ಲಿ ಡ್ರೈವ್ ಮಾತ್ರ ಸೇರಿಲ್ಲ. ಹಾಗಾಗಿ ಬಿಟ್ಟ ಭಾಗಗಳ ದರವನ್ನು ಅವರಿಂದಲೇ ಬರಹದಲ್ಲಿ ಕೇಳಿ ಪಡೆಯಬೇಕು. ಬಂದ ದರ: ರೋಪ್ ಸೆಟ್ ಕೂಲಿ ಸೇರಿ 42,000, ಡ್ರೈವ್ 55,000, ಕಾರ್ಡ್ 28,000.

ಇವನ್ನು ವರ್ಷಕ್ಕೆ ಹಂಚುವುದು ಅಂದಾಜಿನ ಕೆಲಸ, ಆದರೆ ಮಾಡದಿದ್ದರೆ ತಾಳೆ ನೋಡಿದಂತೆಯೇ ಅಲ್ಲ. 9 ವರ್ಷದ ರೋಪ್ ಮುಂದಿನ 3 ವರ್ಷದೊಳಗೆ ಬದಲಾಗುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 14,000. ಡ್ರೈವ್ ಮತ್ತು ಕಾರ್ಡ್ 10 ವರ್ಷಕ್ಕೊಮ್ಮೆ ಎಂದರೆ 5,500 ಮತ್ತು 2,800. ಅಲ್ಲಿಗೆ 38,000ದ ಕೊಟೇಶನ್ನಿನ ನಿಜ ಬೆಲೆ 60,300, ಅಂದರೆ ಈಗಿನ ಕಂಪನಿ ಕೇಳಿದ್ದಕ್ಕಿಂತಲೂ ಹೆಚ್ಚು! 45,000ದ್ದು 50,500. ಚೌಕಾಸಿಗೆ ನಿಲ್ಲುವ ಅಂಕಿ ಇದೊಂದೇ. ಹಳೆ ದರ 48,000ಕ್ಕೇ ಕೊಡಿ ಎಂದು ಹಟ ಹಿಡಿಯಲು ಆಧಾರವಿಲ್ಲ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಜೊತೆಗೊಂದು ಮಿತಿ: ತಯಾರಕರ ಕಂಟ್ರೋಲರ್‌ಗೆ ಅವರದೇ ಸರ್ವಿಸ್ ಟೂಲ್ ಅಥವಾ ಪಾಸ್‌ವರ್ಡ್ ಬೇಕಾದರೆ ಹೊರಗಿನವರು ದೋಷದ ಕೋಡ್ ಓದಲು ಒದ್ದಾಡುತ್ತಾರೆ. ಒಪ್ಪಿಕೊಳ್ಳುವ ಮೊದಲು ಅವರನ್ನು ಕರೆಸಿ, ನಮ್ಮ ಕಂಟ್ರೋಲರ್ ಮುಂದೆ ನಿಲ್ಲಿಸಿ ಕೇಳುವುದು ಮೇಲು.

ತಪ್ಪಿದ 3 ಸರ್ವಿಸ್‌ಗೆ ಬೆಲೆ ಕಟ್ಟುವಾಗ 48,000ವನ್ನು 12ರಿಂದ ಭಾಗಿಸಿ 4,000 ಎಂದರೆ ಅವರು ಒಪ್ಪುವುದಿಲ್ಲ, ಮತ್ತು ಅದು ಸರಿಯೂ ಹೌದು: ಆ ಹಣದಲ್ಲಿ ಬಿಡಿಭಾಗದ ಹೊಣೆಯೂ ಸೇರಿದೆ. ಅದಕ್ಕೆ ಒಂದು ದಾರಿ, ಅದೇ ಕಂಪನಿಯಿಂದ ಬಿಡಿಭಾಗವಿಲ್ಲದ, ಬರೀ ಸರ್ವಿಸ್‌ನ ಕೊಟೇಶನ್ ತರಿಸುವುದು. ಅವರೇ ಕೊಟ್ಟ ದರ 26,000. ತಿಂಗಳಿಗೆ ಸುಮಾರು 2,167, ಮೂರಕ್ಕೆ 6,500. ಅವರದೇ ಅಂಕಿ ಆದ್ದರಿಂದ ತಕರಾರಿಗೆ ಜಾಗವಿರಲಿಲ್ಲ.

ಪತ್ರದ ಮುಖ್ಯ ಭಾಗ ಹೀಗಿತ್ತು:

“ನಿಮ್ಮ ನವೀಕರಣ ಪತ್ರ ತಲುಪಿದೆ. ಕಳೆದ ಅವಧಿಯ 12 ಸರ್ವಿಸ್‌ಗಳಲ್ಲಿ 9ಕ್ಕೆ ಮಾತ್ರ ಸಹಿಯಾದ ಸ್ಲಿಪ್ ಇದೆ. 14 ಕರೆಗಳಲ್ಲಿ ವೋಲ್ಟೇಜ್ ಸಂಬಂಧಿತ 2ನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಎರಡನೇ ಮಹಡಿಯ ಬಾಗಿಲಿನ 6 ಕರೆಗಳ ಸ್ಲಿಪ್ ಲಗತ್ತಿಸಿದೆ. ಐದು ಸಲ ಕಾಂಟ್ಯಾಕ್ಟ್ ಒರೆಸಿ, ಆರನೇ ಸಲ ರೋಲರ್ ಬದಲಿಸಲಾಗಿದೆ. ಸೇರ್ಪಡೆಗಳನ್ನು ಸರಿಹೊಂದಿಸಿ ನೋಡಿದಾಗ ಹೋಲಿಕೆಯ ದರ 50,500 ಬರುತ್ತದೆ, ಲೆಕ್ಕದ ಹಾಳೆ ಜೊತೆಗಿದೆ. ಈ ದರಕ್ಕೆ, ಕೆಳಗಿನ ಷರತ್ತುಗಳೊಂದಿಗೆ ನವೀಕರಿಸಲು ಸಿದ್ಧರಿದ್ದೇವೆ.”

ಕೇಳಿದ ಷರತ್ತುಗಳು ಐದು. ಉಳಿದ ಮಹಡಿಗಳ ಬಾಗಿಲಿನ ರೋಲರ್‌ಗಳನ್ನೂ ಪರೀಕ್ಷಿಸಿ, ಹೊಸ ಅವಧಿ ಶುರುವಾಗುವ ಮೊದಲೇ ಸವೆದವನ್ನು ಬದಲಿಸುವುದು. ಎಆರ್‌ಡಿ ಬ್ಯಾಟರಿ ಕಾಂಪ್ರಿಹೆನ್ಸಿವ್‌ನಲ್ಲಿ ಸೇರುವುದು, ಪ್ರತಿ ಸರ್ವಿಸ್‌ನಲ್ಲಿ ಮೇನ್ ಆಫ್ ಮಾಡಿ ಲಿಫ್ಟ್ ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆಯಿತೇ ಎಂದು ಸ್ಲಿಪ್‌ನಲ್ಲಿ ಬರೆಯುವುದು. ತಪ್ಪಿದ ಸರ್ವಿಸ್‌ಗೆ ತಲಾ 2,000 ಕಡಿತ, ಹಳೆಯ ಮೂರಕ್ಕೆ 6,500 ಜಮಾ. ಒಂದೇ ದೋಷ 30 ದಿನದೊಳಗೆ ಮರುಕಳಿಸಿದರೆ ಹಿರಿಯ ಎಂಜಿನಿಯರ್ ಬಂದು ಮೂಲ ಕಾರಣ ಬರೆದುಕೊಡುವುದು. ವರ್ಷದ ಹಣ ಮುಂಗಡವಲ್ಲ, ನಾಲ್ಕು ಕಂತು.

ಇವುಗಳಲ್ಲಿ ಕೊನೆಯದೇ ನಿಜವಾದ ಹಿಡಿತ. ಪೂರ್ತಿ ಮುಂಗಡಕ್ಕೆ 3% ರಿಯಾಯಿತಿ ಕೊಡುತ್ತೇವೆ ಎಂದರು. 54,000ದ ಮೇಲೆ ಅದು 1,620 ರೂಪಾಯಿ. ಅಷ್ಟಕ್ಕೆ ವರ್ಷವಿಡೀ ಕಡಿತದ ಷರತ್ತನ್ನು ಕಾಗದದ ಮೇಲೆ ಮಾತ್ರ ಉಳಿಸಿಕೊಳ್ಳುವುದು ನಷ್ಟದ ವ್ಯವಹಾರ, ಏಕೆಂದರೆ ಕಟ್ಟಿದ ಹಣದಿಂದ ಕಡಿತ ವಸೂಲಿ ಮಾಡುವುದು ಯಾರಿಂದಲೂ ಆಗುವುದಿಲ್ಲ.

ಇತ್ಯರ್ಥವಾದದ್ದು 51,000ಕ್ಕೆ, ಜಿಎಸ್‌ಟಿ ಸೇರಿ 60,180, ಕಂತಿಗೆ 15,045. ರೋಲರ್, ಬ್ಯಾಟರಿ, ಮುಂದಿನ ತಪ್ಪಿಗೆ ಕಡಿತ, ಕಂತು, ನಾಲ್ಕೂ ಸಿಕ್ಕವು. ಹಳೆಯ 6,500 ಜಮಾ ಸಿಗಲಿಲ್ಲ. ರೋಲರ್ ಬದಲಿಸುವುದೇ ಅದಕ್ಕೆ ಬದಲು ಎಂದರು, ಒಪ್ಪಬಹುದಾದ ಮಾತು. ಹಿರಿಯ ಎಂಜಿನಿಯರ್ ಷರತ್ತು 30 ದಿನದ ಬದಲು ‘ಮೂರನೇ ಸಲ ಮರುಕಳಿಸಿದರೆ’ ಎಂದಾಯಿತು, ಇದು ಸಡಿಲ. ಇನ್ನೊಂದು ವಿಷಯ ಕೇಳಲೇ ಮರೆತುಹೋಯಿತು, ನೀವು ಮರೆಯಬೇಡಿ: ಕರ್ನಾಟಕದಲ್ಲಿ ಲಿಫ್ಟ್‌ಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಪರಿವೀಕ್ಷಕರು ಬಂದಾಗ ಟೆಕ್ನಿಷಿಯನ್ ಜೊತೆಗಿರುವುದು, ಅವರು ತೋರಿಸಿದ ಲೋಪ ಸರಿಪಡಿಸುವುದು ಎಎಂಸಿಯೊಳಗೆ ಬರುತ್ತದೆಯೋ ಪ್ರತ್ಯೇಕ ಬಿಲ್ಲೋ ಎಂದು ಬರೆಸಿಕೊಳ್ಳಿ.

ಸಮಯ ಮುಖ್ಯ. ಪತ್ರ ಬಂದದ್ದು ಅವಧಿ ಮುಗಿಯಲು 35 ದಿನ ಇರುವಾಗ, ಉತ್ತರ ಹೋದದ್ದು ಒಂಬತ್ತನೇ ದಿನ. ಕೊಟೇಶನ್‌ಗೆ ಬರುವವರು ಲಿಫ್ಟ್ ನೋಡಿ ದರ ಕೊಡಲು ಒಂದು ವಾರ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಅವರನ್ನು ಪತ್ರ ಬರುವ ಮೊದಲೇ ಕರೆಯಿರಿ. ಅವಧಿ ಮುಗಿದ ಮೇಲೆ ಹೋದರೆ, ಮತ್ತೆ ಎಎಂಸಿಗೆ ತೆಗೆದುಕೊಳ್ಳುವ ಮುನ್ನ ತಪಾಸಣೆ ಮಾಡಿ, ದುರಸ್ತಿಯ ಖರ್ಚು ನಿಮ್ಮದು ಎನ್ನುವ ಕಂಪನಿಗಳಿವೆ. ಹಳೆ ಒಪ್ಪಂದದಲ್ಲಿ ‘ತಕರಾರಿಲ್ಲದಿದ್ದರೆ ತಾನಾಗಿ ನವೀಕರಣ’ ಎಂಬ ಸಾಲು ಇದೆಯೇ ಎಂದೂ ನೋಡಿ.

ಹೊಸ ಅವಧಿಯ 5 ತಿಂಗಳಲ್ಲಿ 5 ಸರ್ವಿಸ್, 5 ಸ್ಲಿಪ್. ಬಾಗಿಲಿನ ಕರೆ ಒಂದು, ನಾಲ್ಕನೇ ಮಹಡಿಯದು, ಹೊಸ್ತಿಲ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಟೈಲ್ಸ್ ಚೂರಿನಿಂದ. ಜನ ಸಿಕ್ಕಿಹಾಕಿಕೊಂಡಾಗ ಬರುವ ವೇಗಕ್ಕೆ ಪೂರ್ಣ ಅಂಕ, ಬಿಡಿಭಾಗದ ದಾಸ್ತಾನಿಗೆ ಐದರಲ್ಲಿ ಎರಡು. ಬ್ಯಾಟರಿ ಪರೀಕ್ಷೆಯ ಸಾಲನ್ನು ಎರಡು ಸ್ಲಿಪ್‌ಗಳಲ್ಲಿ ಖಾಲಿ ಬಿಟ್ಟಿದ್ದರು, ಬರೆಸಿಯೇ ಸಹಿ ಹಾಕಿದ್ದು.