ಆಂಡ್ರಾಯ್ಡ್ 2.3 ಫೋನಿನಲ್ಲಿ ಕನ್ನಡ: ತುಂಬಾ ದಿನ ಬಳಸಿದವರ ಅನುಭವ

ಈ ಫೋನನ್ನು ಕರೆ ಮತ್ತು ಮೆಸೇಜಿಗೆ ಈಗಲೂ ಇಟ್ಟುಕೊಂಡಿದ್ದೇನೆ. ಬ್ಯಾಟರಿ, ಸ್ಪೀಕರ್ ಬಗ್ಗೆ ನನ್ನ ದೂರಿಲ್ಲ. ಕನ್ನಡದ ಬಗ್ಗೆ ಮಾತ್ರ ಹೇಳುವುದು ಬಹಳಷ್ಟಿದೆ.

ಫೋನ್ ಬಂದಾಗ ಕನ್ನಡ ಮೆಸೇಜುಗಳೆಲ್ಲ ಬರೀ ಚೌಕಗಳಾಗಿ ಕಾಣುತ್ತಿದ್ದವು. ಕಾರಣ ಸರಳ, ಒಳಗೆ ಕನ್ನಡ ಫಾಂಟೇ ಇರಲಿಲ್ಲ. ಆಂಡ್ರಾಯ್ಡಿಗೆ ಕನ್ನಡದ ಬೆಂಬಲ ಸೇರಿದ್ದು 2012ರಲ್ಲಿ, 4.1 ಆವೃತ್ತಿಯ ಜೊತೆ. ಅಲ್ಲಿಯವರೆಗೆ ಓದುವುದಕ್ಕೆ ಇದ್ದ ಒಳ್ಳೆಯ ದಾರಿ ಒಪೆರಾ ಮಿನಿ. ಅದರ ವಿಳಾಸದ ಜಾಗದಲ್ಲಿ `opera:config` ಎಂದು ಬರೆದು, `Use bitmap fonts for complex scripts` ಎಂಬುದನ್ನು `Yes` ಮಾಡಿದರೆ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಒತ್ತಕ್ಷರ ಸರಿಯಾಗಿ ಕಾಣುತ್ತಿತ್ತು. ಆದರೆ ಇದು ಆ ಬ್ರೌಸರ್ ಒಳಗೆ ಮಾತ್ರ, ಮೆಸೇಜಿಗೆ ಉಪಯೋಗವಿರಲಿಲ್ಲ.

ಮೆಸೇಜಿಗಾಗಿ ಫೋನ್ ರೂಟ್ ಮಾಡಿಸಿ, ಅಂದರೆ ಒಳಗಿನ ಫೈಲುಗಳನ್ನು ಬದಲಿಸುವ ಅಧಿಕಾರ ಪಡೆದು, `/system/fonts` ಒಳಗಿನ `DroidSansFallback.ttf` ಜಾಗದಲ್ಲಿ ಕನ್ನಡ ಅಕ್ಷರಗಳಿರುವ ಫಾಂಟನ್ನು ಅದೇ ಹೆಸರಿನಲ್ಲಿ ಹಾಕಿದೆ. ಚೌಕಗಳು ಹೋದವು. ಆದರೆ "ಕನ್ನಡ" ಅನ್ನುವುದೇ "ಕನ್‌ನಡ" ಎಂದು ಕಂಡಿತು. "ನಿ" ಅಕ್ಷರದಲ್ಲಿ ತಲೆಕಟ್ಟು ಹಾಗೇ ಉಳಿದು, ಗುಡಿಸು ಬೇರೆಯಾಗಿ ನಿಂತಿತು. ಫಾಂಟ್ ಹಾಕಿದರೆ ಸಾಲದು ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ನ, ್, ನ ಈ ಮೂರನ್ನು ನೋಡಿ, ಎರಡನೆಯ ನ-ವನ್ನು ಒತ್ತಾಗಿ ಕೆಳಗೆ ಇಡಬೇಕು ಎಂದು ತೀರ್ಮಾನಿಸುವ ತಂತ್ರಾಂಶ ಬೇರೆ ಇರುತ್ತದೆ. ಅದು ಈ ಫೋನಿನಲ್ಲಿ ಕನ್ನಡಕ್ಕೆ ಕೆಲಸ ಮಾಡುವುದಿಲ್ಲ.

ಹಾಗಾಗಿ ಯಾರದಾದರೂ ಹಳೆ ಫೋನಿನಲ್ಲಿ ತೊಂದರೆ ಏನೆಂದು ತಿಳಿಯಬೇಕಾದರೆ "ಕನ್ನಡ" ಅಂತ ಒಂದೇ ಪದ ಕಳಿಸಿ ನೋಡುತ್ತೇನೆ. ಚೌಕ ಬಂದರೆ ಫಾಂಟ್ ಇಲ್ಲ, ಹೇಗೆ ಬರೆದರೂ ಪ್ರಯೋಜನವಿಲ್ಲ. ಒತ್ತು ಬಿಡಿಸಿಕೊಂಡು ಬಂದರೆ ಫಾಂಟ್ ಇದೆ, ಜೋಡಿಸುವ ಕೆಲಸ ಆಗುತ್ತಿಲ್ಲ. ಈ ಎರಡನೆಯ ಸ್ಥಿತಿಯಲ್ಲಿ ಸ್ವಲ್ಪ ನಿಧಾನವಾದರೂ ಓದಲು ಆಗುತ್ತದೆ.

ಇಲ್ಲಿ ನನಗೆ ಬಹಳ ಮುಖ್ಯ ಅನಿಸುವ ವಿಷಯವೊಂದಿದೆ. ಪರದೆಯಲ್ಲಿ ಒಡೆದು ಕಂಡರೂ ಒಳಗಿರುವ ಪಠ್ಯ ಸರಿಯಾಗೇ ಇರುತ್ತದೆ. ಅದೇ ಮೆಸೇಜನ್ನು ಹೊಸ ಫೋನಿಗೆ ಫಾರ್ವರ್ಡ್ ಮಾಡಿದರೆ "ಕನ್ನಡ" ಎಂದೇ ಬರುತ್ತದೆ. ಆದರೆ ತುಂಬಾ ಜನ ಪರದೆಗೆ ತಕ್ಕಂತೆ ಕಾಗುಣಿತವನ್ನೇ ಬದಲಿಸುತ್ತಾರೆ. ಅರ್ಕಾವತ್ತು ಬರದಿದ್ದರೆ ಒಂಬತ್ತರ ಅಂಕಿ ಹಾಕುತ್ತಾರೆ, ಸೊನ್ನೆ ಅಕ್ಷರದ ಬದಲು ಸೊನ್ನೆಯ ಅಂಕಿ ಹಾಕುತ್ತಾರೆ:

```
ಸರಿ:   ಕರ್ನಾಟಕ = ಕ ರ ್ ನ ಾ ಟ ಕ
ತಪ್ಪು: ಕನಾ೯ಟಕ = ಕ ನ ಾ ೯ ಟ ಕ
```

ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದರಲ್ಲಿ ರ ಅನ್ನುವ ಅಕ್ಷರವೇ ಇಲ್ಲ. "ಕರ್ನಾಟಕ" ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಅಕಾರಾದಿಯಲ್ಲಿ ಜೋಡಿಸಿದರೆ ಬೇರೆ ಕಡೆ ಹೋಗಿ ಕೂರುತ್ತದೆ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವಾಗ ಪದದ ನಡುವೆ ಅಂಕಿ ಬಂದು ಪದವೇ ಕೆಡುತ್ತದೆ. ಹಳೆ ಫೋನ್ ಮೂಲೆಗೆ ಹೋದ ಮೇಲೂ ಹೀಗೆ ಬರೆದ ಪಠ್ಯ ಹಾಗೇ ಉಳಿಯುತ್ತದೆ, ಅದೇ ನನಗೆ ಬೇಸರ. ದಯವಿಟ್ಟು ಹೀಗೆ ಬರೆಯಬೇಡಿ.

ಅದರ ಬದಲು ನಾನು ಪದ ಬದಲಿಸುತ್ತೇನೆ. "ರ‍್ಯಾಲಿ" ಎಂಬಲ್ಲಿ ಪೂರ್ತಿ ರ-ಗೆ ಯ ಒತ್ತು ಬರಬೇಕಾದರೆ ನಡುವೆ `U+200D` ಎಂಬ ಕಾಣದ ಅಕ್ಷರ ಬೇಕು. ಹಳೆ ಫೋನುಗಳಿಗೆ ಅದು ಸರಿಯಾಗಿ ತಿಳಿಯುವುದಿಲ್ಲ. "ಮೆರವಣಿಗೆ" ಅಂದರೆ ಆ ಗೋಜೇ ಇಲ್ಲ, ಅಲ್ವಾ? "ಸಾಫ್ಟ್‌ವೇರ್" ಪದದಲ್ಲಿ ವ ಒತ್ತಾಗದಂತೆ ತಡೆಯುವುದು `U+200C` ಎಂಬ ಇನ್ನೊಂದು ಕಾಣದ ಅಕ್ಷರ. ಅದು ಕೆಲವು ಹಳೆ ಫಾಂಟುಗಳಲ್ಲಿ ಚೌಕವಾಗಿ ಕಾಣುತ್ತದೆ. ಅಂಥ ಫೋನಿರುವವರಿಗೆ "ಸಾಫ್ಟ್ ವೇರ್" ಎಂದು ಜಾಗ ಬಿಟ್ಟು ಬರೆಯುತ್ತೇನೆ. ಸಾಲಿನ ಕೊನೆಯಲ್ಲಿ ಪದ ಎರಡಾಗಬಹುದು, ಆದರೆ ಅಕ್ಷರ ಯಾವುದೂ ಸುಳ್ಳಲ್ಲ.

ಈಗ ಇಂಥ ಫೋನ್ ಕೊಳ್ಳುವ ಯೋಚನೆ ಇದ್ದರೆ, ಕನ್ನಡಕ್ಕಾಗಿ 4.1ಕ್ಕಿಂತ ಕೆಳಗಿನದು ಬೇಡ. ಮನೆಯಲ್ಲಿ ಆಗಲೇ ಇದ್ದರೆ ಕರೆಗೆ ಇಟ್ಟುಕೊಳ್ಳಿ. ಫಾಂಟ್ ಬದಲಿಸುವ ಮುಂಚೆ ಮೂಲ ಫೈಲನ್ನು ಬೇರೆ ಕಡೆ ನಕಲು ಮಾಡಿಡಿ. ಹೊಸ ಫಾಂಟಿನಲ್ಲಿ ಬೇರೆ ಭಾಷೆಗಳ ಅಕ್ಷರ ಇಲ್ಲದಿದ್ದರೆ ಅವು ಚೌಕಗಳಾಗುತ್ತವೆ, ಆಗ ಹಳೆಯದು ಬೇಕಾಗುತ್ತದೆ.