ಸೆಕೆಂಡ್ ಹ್ಯಾಂಡ್ ಸೋಲಾರ್ ಪ್ಯಾನೆಲ್: ಗಾಜಿಗಿಂತ ಮೊದಲು ಬೆನ್ನು ನೋಡಿ

ತೋಟದ ಮನೆಯ ಬ್ಯಾಟರಿ ಇನ್ವರ್ಟರ್‌ಗೆಂದು 250 ವ್ಯಾಟ್‌ನ ನಾಲ್ಕು ಹಳೇ ಪಾಲಿ ಪ್ಯಾನೆಲ್ ಹಾಕಿಸಿ ಮೂರು ಮಳೆಗಾಲ ಆಯಿತು. ಯಾವುದೋ ಕಾರ್ಖಾನೆಯ ಚಾವಣಿಯಿಂದ ಬಿಚ್ಚಿ ತಂದ ಮಾಲು. ವ್ಯಾಟ್‌ಗೆ 12 ರೂಪಾಯಿಯಂತೆ 12,000 ಕೊಟ್ಟೆ. ಹೊಸದಕ್ಕೆ ಆಗ ನಮ್ಮ ಕಡೆ 27 ಹೇಳುತ್ತಿದ್ದರು. ಲೆಕ್ಕಕ್ಕೆ 15,000 ಉಳಿತಾಯ. ಆದರೆ ಹೊಸದಾದರೆ 540 ವ್ಯಾಟ್‌ನವು ಎರಡೇ ಸಾಕಿತ್ತು. ನಾಲ್ಕಕ್ಕೆ ಸ್ಟ್ಯಾಂಡು, ಕ್ಲ್ಯಾಂಪು, ಕೇಬಲ್ ಹೆಚ್ಚು ಬೇಕಾಗಿ ಅದರಲ್ಲೇ ಸುಮಾರು 3,000 ಕರಗಿತು.

ಕೊಳ್ಳುವ ದಿನ ಮಧ್ಯಾಹ್ನದ ಬಿಸಿಲಲ್ಲಿ ಮಲ್ಟಿಮೀಟರ್ ಹಿಡಿದು ಒಂದೊಂದನ್ನೂ ಅಳೆದೆ. 60 ಸೆಲ್ಲಿನ ಇಂಥ ಪ್ಯಾನೆಲ್‌ನ ಲೇಬಲ್ಲಿನಲ್ಲಿ ಓಪನ್ ವೋಲ್ಟೇಜ್, ಅಂದರೆ ಏನನ್ನೂ ಜೋಡಿಸದೆ ಅಳೆದಾಗ ಬರುವ ವೋಲ್ಟೇಜ್, ಸುಮಾರು 37 ಎಂದಿರುತ್ತದೆ. ಬಿಸಿಲಿಗೆ ಕಾದಾಗ 33ಕ್ಕೆ ಇಳಿದರೆ ಗಾಬರಿ ಬೇಡ. 22ರ ಆಸುಪಾಸು ತೋರಿಸಿದರೆ ಪ್ಯಾನೆಲ್‌ನ ಮೂರು ಪಾಲಿಗೆ ಒಂದೊಂದರಂತೆ ಇರುವ ಬೈಪಾಸ್ ಡಯೋಡ್‌ಗಳಲ್ಲಿ ಒಂದು ಶಾರ್ಟ್ ಆಗಿ ಮೂರರಲ್ಲೊಂದು ಪಾಲು ಸತ್ತಿರುವ ಸಂಭವ ಹೆಚ್ಚು. ಹಾಗೆ ತೋರಿಸಿದ್ದನ್ನು ಅಲ್ಲೇ ಬಿಟ್ಟೆ. ಶಾರ್ಟ್ ಸರ್ಕ್ಯೂಟ್ ಕರೆಂಟನ್ನೂ ಅದೇ ಬಿಸಿಲಲ್ಲಿ ಹೋಲಿಸಿ, ಹತ್ತಿರ ಹತ್ತಿರ ಇದ್ದವನ್ನೇ ಜೋಡಿ ಮಾಡಿದೆ. ಸೀರೀಸ್‌ನಲ್ಲಿ ಕೊಟ್ಟಾಗ ಬಡಕಲು ಪ್ಯಾನೆಲ್ ಪಕ್ಕದ್ದನ್ನೂ ತನ್ನ ಮಟ್ಟಕ್ಕೆ ಎಳೆದುಬಿಡುತ್ತದೆ.

ಉತ್ಪಾದನೆಯಲ್ಲಿ ಇವತ್ತಿಗೂ ನನಗೆ ದೂರಿಲ್ಲ. ತೊಂದರೆ ಬಂದಿದ್ದು ಬೆನ್ನಿನಿಂದ.

ಎರಡನೇ ಮಳೆಗಾಲದಲ್ಲಿ ಪ್ಯಾನೆಲ್ ತೊಳೆಯಲು ಹೋದ ಆಳು ಫ್ರೇಮ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದ. ಮೀಟರಿನ ಒಂದು ಕಡ್ಡಿ ಪ್ಲಸ್ ವೈರಿಗೆ, ಇನ್ನೊಂದು ಫ್ರೇಮಿಗೆ ಹಿಡಿದರೆ ಒದ್ದೆ ಇದ್ದಾಗ ವೋಲ್ಟೇಜ್ ನಿಂತೇ ಇರುತ್ತಿತ್ತು, ಒಣಗಿದ ಮೇಲೆ ಮಾಯ. ಒಂದೊಂದೇ ಬಿಡಿಸಿ ನೋಡಿದಾಗ ಒಂದು ಪ್ಯಾನೆಲ್ ಸಿಕ್ಕಿಬಿತ್ತು. ಹಿಂಬದಿಯ ಬಿಳಿ ಹಾಳೆ, ಅಂದರೆ ಬ್ಯಾಕ್‌ಶೀಟ್, ಸೆಲ್ಲುಗಳ ಸಂದಿನ ಗುಂಟ ಗೆರೆ ಗೆರೆಯಾಗಿ ಬಿರಿದಿತ್ತು. ಒಳಗಿನ ಕರೆಂಟು ಹೊರಗೆ ಬಾರದಂತೆ ತಡೆಯುವುದು ಆ ಹಾಳೆಯೇ. ಒಣಬಿಸಿಲಲ್ಲಿ ಮಾಡುವ ಪರೀಕ್ಷೆ ಇದನ್ನು ತೋರಿಸುವುದಿಲ್ಲ. ನನ್ನ ಸಣ್ಣ ಇನ್ವರ್ಟರ್ ಸೂಚನೆಯನ್ನೂ ಕೊಡಲಿಲ್ಲ. ಗ್ರಿಡ್‌ಗೆ ಸೇರಿಸುವ ಇನ್ವರ್ಟರ್ ಆಗಿದ್ದರೆ ಮಳೆಗಾಲದ ಬೆಳಿಗ್ಗೆ ಐಸೊಲೇಶನ್ ಫಾಲ್ಟ್, ಅಂದರೆ ಕರೆಂಟು ನೆಲಕ್ಕೆ ಸೋರುತ್ತಿದೆ, ಎಂದು ನಿಂತುಬಿಡುತ್ತಿತ್ತು. ಟೇಪ್ ಅಂಟಿಸುವ ರಿಪೇರಿಯನ್ನು ನಾನು ನಂಬಲಿಲ್ಲ. ಅದನ್ನೂ ಅದರ ಜೋಡಿಯನ್ನೂ ತೆಗೆಸಿ, ಉಳಿದ ಎರಡಕ್ಕೆ ಫ್ರೇಮಿನಿಂದ ನೆಲಕ್ಕೆ ಅರ್ಥಿಂಗ್ ಹಾಕಿಸಿದೆ.

ಹಾಗಾಗಿ ಮಾಲು ನೋಡಲು ಹೋದಾಗ ಪ್ಯಾನೆಲ್ ಮಗುಚಿಸಿ, ಬೆರಳಿನಿಂದ ಉಜ್ಜಿ. ಸುಣ್ಣದ ಪುಡಿಯಂತೆ ಬೆರಳಿಗೆ ಅಂಟಿದರೆ, ಹಳದಿಯಾಗಿದ್ದರೆ, ಗೆರೆ ಕಂಡರೆ ಎಷ್ಟು ಅಗ್ಗವಾದರೂ ಬೇಡ. ಸೀರಿಯಲ್ ನಂಬರಿನ ಚೀಟಿ ಕೆರೆದಿದ್ದರೂ ಬೇಡ.

ಕಾರ್ಖಾನೆಯಲ್ಲೇ ಏನೋ ಕುಂದು ಕಂಡು ಬೇರೆ ಇಟ್ಟ ‘ಬಿ ಗ್ರೇಡ್’ ಹೊಸ ಪ್ಯಾನೆಲ್ ಬೇರೆ ಥರ. ಬಣ್ಣದ ವ್ಯತ್ಯಾಸ, ಫ್ರೇಮಿನ ಗೀರು ಇದ್ದರೆ ಚಿಂತೆಯಿಲ್ಲ. ಸೆಲ್ಲಿನೊಳಗಿನ ಕೂದಲೆಳೆಯ ಬಿರುಕು ಕಣ್ಣಿಗೂ ಕಾಣದು, ಮೀಟರಿಗೂ ಕಾಣದು, ಪ್ಯಾನೆಲ್‌ಗೆ ಕರೆಂಟು ಹಾಯಿಸಿ ಕತ್ತಲಲ್ಲಿ ವಿಶೇಷ ಕ್ಯಾಮೆರಾದಿಂದ ತೆಗೆಯುವ ಇಎಲ್ ಫೋಟೋದಲ್ಲಿ ಮಾತ್ರ ಕಾಣುತ್ತದೆ. ಆ ಫೋಟೋ ಕೇಳಿದ ಕೂಡಲೇ ನನಗೆ ಮಾರಲು ಬಂದವನು ಮಾತು ಬದಲಿಸಿದ.

ಪಂಪ್‌ಹೌಸಿನ ದೀಪಕ್ಕೆ, ಕೊಟ್ಟಿಗೆಗೆ ಹಳೆಯದನ್ನು ಈಗಲೂ ಕೊಳ್ಳುತ್ತೇನೆ, ವ್ಯಾಟ್‌ಗೆ ಹೊಸದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಡದೆ. ಊರಿನ ಮನೆಯ ಚಾವಣಿಗೆ ಮಾತ್ರ ಹೊಸದೇ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ಸಿಗುವ 78,000 ರೂಪಾಯಿ ಸಬ್ಸಿಡಿಗೆ ದೇಶದಲ್ಲೇ ತಯಾರಾದ ಸೆಲ್ಲಿನ ಡಿಸಿಆರ್ ಪ್ಯಾನೆಲ್ ಬೇಕು. ಗುಜರಿ ಮಾಲಿನಲ್ಲಿ ಅಷ್ಟು ಹಣ ಎಲ್ಲಿ ಉಳಿಯುತ್ತದೆ?