ನಿದ್ದೆಗೆ ಖಯಾಲ್, ಭಾವಗೀತೆ, ತಂಬೂರಿ: ಯಾವುದು?

ಧಾರವಾಡದ ಗೆಳೆಯರೊಬ್ಬರು ಕೇಳಿದ್ದರು: ಮಲಗೋ ಮುಂಚೆ ಹಿಂದೂಸ್ತಾನಿ ಖಯಾಲ್ ಹಾಕಲಾ, ಭಾವಗೀತೆನಾ, ಇಲ್ಲಾ ಬರೀ ತಂಬೂರಿನಾ?

ಮೊದಲು ನೋಡಬೇಕಾದ್ದು ಲಯ. ನಿಮಿಷಕ್ಕೆ 60ರಿಂದ 80 ಬಡಿತದ ನಿಧಾನ ಹಾಡು ನಿದ್ದೆಗೆ ಒಳ್ಳೆಯದು ಅಂತಾರೆ. ಖಯಾಲಿನ ನಿಧಾನಗತಿಯ ಮೊದಲ ಭಾಗ, ವಿಲಂಬಿತ್, ಅದಕ್ಕಿಂತ ನಿಧಾನವಾಗಿಯೂ ನಡೆಯಬಹುದು. ಆದರೆ ತೊಂದರೆ ಇರುವುದು ಮುಂದೆ. ಅರ್ಧ ಗಂಟೆ ಕಳೆದು ಕಣ್ಣು ಮುಚ್ಚುವ ಹೊತ್ತಿಗೆ ವೇಗದ ಭಾಗ ದ್ರುತ್ ಶುರುವಾಗುತ್ತದೆ, ಸರಸರನೆ ಹರಿಯುವ ತಾನುಗಳು ಸಿಡಿಯುತ್ತವೆ, ತಬಲಾ ಜೋರಾಗುತ್ತದೆ. ಎಚ್ಚರವಾಗದೆ ಇರುತ್ತಾ? ಗಂಗೂಬಾಯಿ ಹಾನಗಲ್ಲರ ದಪ್ಪ ದನಿ ಇಷ್ಟವಾದರೆ ಕೇಳಿ, ಆದರೆ ವಿಲಂಬಿತ್ ಮುಗಿಯುವ ಹೊತ್ತಿಗೆ ಟೈಮರ್ ಇಡಿ.

ಭಾವಗೀತೆಯಲ್ಲಿ ಅಡ್ಡಿ ಮಾಡುವುದು ಮಾತು. ಬಾಯಿಪಾಠವಾದ ಸಾಲನ್ನು ಮನಸ್ಸು ತಾನೂ ಹಾಡುತ್ತದೆ. ಆದರೆ ನಾಳಿನ ಚಿಂತೆಯೇ ತಲೆಯಲ್ಲಿ ಸುತ್ತುತ್ತಿದ್ದರೆ, ಹಳೆಯ ಪರಿಚಿತ ಹಾಡೇ ವಾಸಿ. ಚಿಂತೆಗೆ ಜಾಗ ಸಿಗಲ್ಲ.

ತಂಬೂರಿಯಲ್ಲಿ ಏರಿಳಿತವೇ ಇಲ್ಲ, ಮಾತೂ ಇಲ್ಲ. ನಡುರಾತ್ರಿ ಎಚ್ಚರವಾಗುವವರಿಗೆ ಇದು ಸರಿ. ಕೆಲವರಿಗೆ ಬೇಜಾರು, ಅದೂ ನಿಜ. ಮೊಬೈಲ್ ಆ್ಯಪಲ್ಲಿ ಶ್ರುತಿ ತಗ್ಗಿಸಿ, ದನಿ ಕಡಿಮೆ ಇಡಿ. ನಡುವೆ ಜಾಹೀರಾತು ಬರದ ಹಾಗೆ ಡೌನ್‌ಲೋಡ್ ಮಾಡಿಕೊಳ್ಳಿ.

ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆಗೆಟ್ಟರೆ ಡಾಕ್ಟರ ಹತ್ತಿರ ಹೋಗಿ. ಅದು ಹಾಡಿಂದ ಹೋಗಲ್ಲ.